ಎಡಗಾಲಿಯ ಒಳಅಂಚು

ನಂಜನಗೂಡಿಗೆ ಮೋಟಾರು ಬಸ್ಸು ಬಂದ ಹೊಸತರಲ್ಲಿ ಅದನ್ನು ರಿಪೇರಿ ಮಾಡಬಲ್ಲವನು ಊರಿನಲ್ಲಿ ಬೆಟ್ಟಸ್ವಾಮಿ ಒಬ್ಬನೇ. ಅಪ್ಪನ ಕಾಲದಿಂದ ಗಾಡಿ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಹಾಕಿಕೊಂಡಿದ್ದ ಕುಲುಮೆಯವನು. ಮೈಸೂರಿನ ಒಬ್ಬ ಇಂಗ್ಲಿಷ್ ದೊರೆಯ ಮೋಟಾರು ಷೆಡ್ಡಿನಲ್ಲಿ ಕೆಲಕಾಲ ಕೈಕೆಲಸ ಮಾಡಿ, ಸ್ಪ್ಯಾನರು ಹಿಡಿಯುವುದನ್ನು ಕಲಿತು ಬಂದಿದ್ದ. ಅಂದಿನಿಂದ ಜನ ಅವನನ್ನು ಮೇಸ್ತ್ರಿ ಎಂದೇ ಕರೆದರು. ಹಾಗೆ ಕರೆಸಿಕೊಳ್ಳುವುದು ಅವನಿಗೆ ಬಹಳ ಹಿತವಾಗಿತ್ತು.

ಬಸ್ಸು ಗುರುಮಲ್ಲಪ್ಪನವರದು. ಅಕ್ಕಿ ವ್ಯಾಪಾರದ ಗೃಹಸ್ಥರು. ಬೆಳಗ್ಗೆ ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ, ಸಂಜೆ ಮತ್ತೆ ವಾಪಸು. ಓಡಿಸುತ್ತಿದ್ದವನು ಮೂಗೂರಿನ ಕರಿಯಪ್ಪ. ಮಾತು ಕಡಿಮೆ, ಕೈ ನಿಧಾನ. ದಾರಿಯಲ್ಲಿ ದನ ಅಡ್ಡ ಬಂದರೆ ಹಾರನ್ನು ಒತ್ತದೆ ನಿಲ್ಲಿಸಿ ಕಾಯುವ ಮನುಷ್ಯ.

ಒಂದು ದಿನ ಕರಿಯಪ್ಪ ಕುಲುಮೆಯ ಮುಂದೆ ಬಸ್ಸು ನಿಲ್ಲಿಸಿ ಹೇಳಿದ: "ಮೇಸ್ತ್ರಿ, ಹ್ಯಾಂಡ್ಲು ಕೈಲಿ ನಡುಗ್ತದೆ. ಗುಂಡಿಗೆ ಬಿದ್ರೆ ಎಡಗಡೆ ಗಾಲಿ ಕಟಕಟ ಅಂತದೆ."

ಮುಂದಿನ ಗಾಲಿ ಅಚ್ಚಿನ ತುದಿಯಲ್ಲಿ ಅತ್ತಿತ್ತ ತಿರುಗಬೇಕಾದರೆ ನೆಟ್ಟಗೆ ನಿಂತ ಒಂದು ದಪ್ಪ ಪಿನ್ನು ಬೇಕು. ಆ ಪಿನ್ನು ಬುಷ್ಷು ಎನ್ನುವ ಹಿತ್ತಾಳೆಯ ಬಳೆಯೊಳಗೆ ಕೂತಿರುತ್ತದೆ. ಬುಷ್ಷು ಸವೆದರೆ ಪಿನ್ನು ಅಲ್ಲಾಡುತ್ತದೆ, ಗಾಲಿ ನೆಟ್ಟಗೆ ನಿಲ್ಲುವುದಿಲ್ಲ. ಬೆಟ್ಟಸ್ವಾಮಿ ಎರಡೂ ಕಡೆ ಬಿಚ್ಚಿದ. ಬಲಗಡೆಗೆ ಹೊಸ ಬುಷ್ಷು ಕಡೆದು ಕೂರಿಸಿದ. ಎಡಗಡೆಗೆ ಕಡೆಯುವ ಹೊತ್ತಿಗೆ ಗುರುಮಲ್ಲಪ್ಪನವರ ಆಳು ಬಂದು ಜನ ಕಾಯುತ್ತಿದ್ದಾರೆ ಎಂದ. ಬೆಟ್ಟಸ್ವಾಮಿ ಹಳೆಯ ಬುಷ್ಷನ್ನೇ ಗ್ರೀಸು ಬಳಿದು ಒಳಗೆ ಬಡಿದ. ಮುಂದಿನ ವಾರ ಮಾಡಿದರಾಯಿತು ಅಂದುಕೊಂಡ.

"ಎಲ್ಡೂ ಒಸದು ಆಕಿವ್ನಿ, ಓಗು" ಎಂದ ಕರಿಯಪ್ಪನಿಗೆ.

ಮುಂದಿನ ವಾರ ಬರಲಿಲ್ಲ. ಗಾಲಿ ಕಟಕಟ ಅಂತದೆ ಎಂದು ಕರಿಯಪ್ಪ ಮತ್ತೊಮ್ಮೆ ಹೇಳಿದಾಗ ಬೆಟ್ಟಸ್ವಾಮಿ ನಕ್ಕು, "ಎತ್ತಿನ ಗಾಡೀಲಿ ಕೂತೋನ್ಗೆ ಎಲ್ಲಾ ಕಟಕಟಾನೇ" ಎಂದುಬಿಟ್ಟ. ಕುಲುಮೆಯಲ್ಲಿ ಕೂತಿದ್ದವರೂ ನಕ್ಕರು. ಕರಿಯಪ್ಪ ಮತ್ತೆ ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ನರಸೀಪುರ ಇನ್ನೇನು ಬಂತು ಎನ್ನುವಲ್ಲಿ ಬಸ್ಸಿನ ಎಡಗಡೆ ಮುಂದಿನ ಟೈರು ಸಿಡಿಯಿತು. ಬಸ್ಸು ಗದ್ದೆಯ ಕಾಲುವೆಗೆ ಇಳಿದು ವಾಲಿಕೊಂಡಿತು. ಎಲ್ಲರೂ ಬದುಕಿದರು. ಆದರೆ ಬಸ್ಸಿನಲ್ಲಿದ್ದ, ನರಸೀಪುರದಲ್ಲಿ ವೀಳ್ಯದೆಲೆ ಮಾರುತ್ತಿದ್ದ ಪುಟ್ಟಬಸಮ್ಮನ ಬಲಗೈ ಮಣಿಕಟ್ಟು ಮುರಿಯಿತು.

ಗುರುಮಲ್ಲಪ್ಪನವರು ಬೆಟ್ಟಸ್ವಾಮಿಯನ್ನು ಕರೆದುಕೊಂಡು ಅಲ್ಲಿಗೆ ಬಂದರು. ಸುತ್ತ ಜನ. ಬೆಟ್ಟಸ್ವಾಮಿ ಬಗ್ಗಿ ಟೈರಿನ ಮೇಲೆ ಕೈಯಾಡಿಸಿದ. ಹೊರಅಂಚಿನಲ್ಲಿ ರಬ್ಬರು ದಪ್ಪಗೆ, ಮೇಲಿನ ಗೀರು ಮಾಸದೆ ಇತ್ತು. ಹೊರಗೆ ನಿಂತು ನೋಡುವವನಿಗೆ ಅದು ಒಳ್ಳೆಯ ಟೈರು. ಒಳಗಡೆ, ಅಚ್ಚಿನ ಕಡೆಯ ಅಂಚಿನಲ್ಲಿ ಮಾತ್ರ ರಬ್ಬರು ಪೂರಾ ತಿಂದುಹೋಗಿ ಕ್ಯಾನ್ವಾಸು ಬಟ್ಟೆ ಹರಿದಿತ್ತು. ಅವನ ಬೆರಳು ಅಲ್ಲೇ ನಿಂತಿತು. ಥಟ್ಟನೆ ಕೈ ಎಳೆದುಕೊಂಡ.

"ಏನ್ ಮೇಸ್ತ್ರಿ, ಯಾಕಿಂಗಾಯ್ತು?" ಗುರುಮಲ್ಲಪ್ಪನವರು ಕೇಳಿದರು.

"ರಸ್ತೆ ಅಂಚ್ಗೆ ಓಡ್ಸವ್ನೆ ಬುದ್ಧಿ. ಕಲ್ಗೆ ಉಜ್ಜಿ ಉಜ್ಜಿ ಟೈರು ಕಿತ್ತೋಗದೆ."

ಎಡಪಕ್ಕದ ಕಲ್ಲಿಗೆ ಉಜ್ಜಿದ್ದರೆ ಹೊರಗಿನ ಮೈ ತೇದಿರಬೇಕಿತ್ತು. ಇದು ಅವನಿಗೆ ಗೊತ್ತಿಲ್ಲದ ಮಾತಲ್ಲ. ಬೇರೆ ಯಾರೂ ಬಗ್ಗಿ ನೋಡುವ ಮೊದಲೇ ಟೈರು ಬಿಚ್ಚಿ ಗಾಡಿಗೆ ಹಾಕಿಸಿದ.

ಕರಿಯಪ್ಪ ಅವನ ಮುಖ ನೋಡಿದ, ಏನೂ ಅನ್ನಲಿಲ್ಲ. ಅಂದೇ ಗುರುಮಲ್ಲಪ್ಪನವರು ಕರಿಯಪ್ಪನನ್ನು ಕೆಲಸದಿಂದ ಬಿಡಿಸಿದರು. ವಾರ ಕಳೆಯುವುದರೊಳಗೆ ಅವನು ಕುಡಿದು ಓಡಿಸುತ್ತಿದ್ದ ಎಂಬ ಮಾತೂ ಹುಟ್ಟಿಕೊಂಡಿತು.

ಹೊಸ ಡ್ರೈವರು ಬಂದ, ಹೊಸ ಟೈರು ಬಂತು. ಕೆಲವು ವಾರಕ್ಕೆ ಬೆಟ್ಟಸ್ವಾಮಿ ಕೆಳಗೆ ತೂರಿ ನೋಡಿದಾಗ ಎಡಗಾಲಿಯ ಒಳಅಂಚು ಮತ್ತೆ ನುಣ್ಣಗಾಗಿತ್ತು. ಟೈರಿನದೇ ದೋಷವಿರಲಿ ಎಂದು ಬೇಡಿಕೊಳ್ಳುವವನಂತೆ ಬಲಗಡೆಯದನ್ನು ಎಡಕ್ಕೂ ಎಡಗಡೆಯದನ್ನು ಬಲಕ್ಕೂ ಬದಲಾಯಿಸಿದ. ಬಲಕ್ಕೆ ಹೋದ ಟೈರು ಅಲ್ಲಿಗೆ ಸವೆಯುವುದನ್ನು ನಿಲ್ಲಿಸಿತು. ಎಡಕ್ಕೆ ಬಂದ ಒಳ್ಳೆಯ ಟೈರು ಒಳಅಂಚಿನಲ್ಲಿ ತೇಯತೊಡಗಿತು.

ಆಗ ಸಮನೆಲದಲ್ಲಿ ಬಸ್ಸು ನಿಲ್ಲಿಸಿ, ದಾರಕ್ಕೆ ಸೀಸದ ಗುಂಡು ಕಟ್ಟಿ ಗಾಲಿಯ ಪಕ್ಕ ಇಳಿಬಿಟ್ಟ. ಗಾಲಿಯ ತಲೆ ಹೊರಕ್ಕೆ ಒಂದು ಕೂದಲಷ್ಟು ವಾಲಿರಬೇಕು, ಬಲಗಡೆಯದು ಹಾಗೇ ಇತ್ತು. ಎಡಗಡೆಯದರ ತಲೆ ಒಳಕ್ಕೆ ಬಿದ್ದಿತ್ತು. ಭಾರವೆಲ್ಲ ಒಳಅಂಚಿನ ಮೇಲೆ. ಬಿದಿರು ಕಡ್ಡಿಯಿಂದ ಆ ಎರಡು ಗಾಲಿಗಳ ನಡುವಿನ ಅಂತರವನ್ನು ಅವುಗಳ ಮುಂಬದಿಯಲ್ಲೂ ಹಿಂಬದಿಯಲ್ಲೂ ಅಳೆದ. ಹಿಂದಕ್ಕಿಂತ ಮುಂದೆ ಹೆಚ್ಚು, ಎಂದರೆ ಗಾಲಿಗಳು ಮುಂದೆ ಬಾಯಿ ಬಿಟ್ಟುಕೊಂಡು ನೆಲವನ್ನು ಉಜ್ಜುತ್ತಾ ಓಡುತ್ತಿದ್ದವು. ಕೊನೆಗೆ ಜಾಕಿ ಕೊಟ್ಟು ಎತ್ತಿ, ಗಾಲಿಯನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಕಟ್, ಕಟ್. ಗಾಲಿಯ ಬೇರಿಂಗು ಬಿಗಿಯಾಗಿಯೇ ಇತ್ತು. ಅಲ್ಲಾಡುತ್ತಿದ್ದದ್ದು ಪಿನ್ನು. ಹೊರಗೆ ತೆಗೆದ ಹಿತ್ತಾಳೆ ಬುಷ್ಷಿನ ತೂತು ಸವೆದು ಮೊಟ್ಟೆಯ ಹಾಗೆ ಉದ್ದವಾಗಿತ್ತು. ತಾನೇ ಬಡಿದು ಕೂರಿಸಿದ ಹಳೆಯ ಬುಷ್ಷು.

ಹೊಸದು ಕಡೆದು ಹಾಕಿದ. ಎರಡು ಗಾಲಿಗಳನ್ನು ಜೋಡಿಸುವ ಅಡ್ಡಕಂಬಿ ತಿರುಗಿಸಿ ಗಾಲಿಗಳ ಮುಂದಿನ ಅಂತರ ಹಿಂದಿನದಕ್ಕಿಂತ ತುಸು ಕಡಿಮೆಯಾಗುವಂತೆ ಮಾಡಿದ. ಆಮೇಲೆ ಗುರುಮಲ್ಲಪ್ಪನವರ ಅಕ್ಕಿ ಮಂಡಿಗೆ ಹೋಗಿ ಇದ್ದದ್ದನ್ನು ಹೇಳಿದ.

ಅವರು, "ಸರಿಯಾಯ್ತಲ್ಲ, ಬುಡು. ಈಗ ಊರ್ಗೆಲ್ಲಾ ಸಾರಿದ್ರೆ ನಮ್ ಬಸ್ಸಿಗೆ ಯಾರ್ ಅತ್ತಾರು? ಕರಿಯಪ್ಪಂಗೆ ಬ್ಯಾರೆ ಕೆಲ್ಸ ಸಿಗ್ತದೆ" ಎಂದರು.

ಬೆಟ್ಟಸ್ವಾಮಿಗೆ ಹಗುರವಾದಂತಾಯಿತು. ಆ ಹಗುರವೇ ಆಮೇಲೆ ಅವನನ್ನು ತಿಂದದ್ದು. ಊಟಕ್ಕೆ ಕೂತರೆ ಬೆರಳ ತುದಿಗೆ ಆ ಹರಿದ ಕ್ಯಾನ್ವಾಸು ಸಿಕ್ಕಂತಾಗುತ್ತಿತ್ತು. ಯಾರಾದರೂ ಮೇಸ್ತ್ರಿ ಎಂದರೆ ತಲೆ ಎತ್ತಲಾಗುತ್ತಿರಲಿಲ್ಲ. ಬರೀ ಬುಷ್ಷಿನ ತಪ್ಪಾಗಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಕೈಗೆ ಗೊತ್ತಾದದ್ದನ್ನು ಬಾಯಿ ತಿರುಚಿ ಹೇಳಿತಲ್ಲ, ಅದು ಹೋಗುತ್ತಿರಲಿಲ್ಲ.

ಸಂಕ್ರಾಂತಿಯ ಹಿಂದೆಮುಂದೆ ಮೂಗೂರಿಗೆ ಹೋದ. ಕರಿಯಪ್ಪ ಬೇರೆಯವರ ಕಣದಲ್ಲಿ ಹುಲ್ಲು ಒಟ್ಟುತ್ತಿದ್ದ. ಬೆಟ್ಟಸ್ವಾಮಿ ನಿಂತಲ್ಲೇ ಎಲ್ಲ ಹೇಳಿದ.

"ಗೊತ್ತು" ಎಂದ ಕರಿಯಪ್ಪ, ಕೈ ನಿಲ್ಲಿಸದೆ. "ನೀ ಟೈರ ಮುಟ್ಟಿ ಕೈ ಎಳ್ಕಂಡ್ಯಲ್ಲ, ಆಗ್ಲೇ ಗೊತ್ತಾಯ್ತು."

"ಮತ್ತೆ ಯಾಕ್ ಬಾಯಿ ಬುಡ್ಲಿಲ್ಲ ಕರಿಯಪ್ಪ?"

"ಮೇಸ್ತ್ರಿ ಮಾತ್ ಬುಟ್ಟು ನನ್ ಮಾತ್ ಯಾರ್ ಕೇಳೋರು? ನೀನೂ ಕೇಳ್ಲಿಲ್ವಲ್ಲ." ಹುಲ್ಲಿನ ಹೊರೆ ಇಳಿಸಿ ಮುಖ ಒರೆಸಿಕೊಂಡ. "ನಂಗೇಳಿ ಏನ್ ಬಂತು? ಆ ಎಲೆ ಮಾರೋ ಅಮ್ಮ ನಾನು ಕುಡ್ದಿದ್ದೆ ಅಂತ ನಂಬವ್ಳೆ. ಅವ್ಳಿಗೇಳು. ಅಲ್ಲಿ ನಿಂತಿರೋರ್ಗೂ ಕೇಳ್ಲಿ."

ಮಾರನೆಯ ದಿನ ನರಸೀಪುರದಲ್ಲಿ ಬಸ್ಸು ಹೊರಡುವ ಹೊತ್ತಿಗೆ ಬೆಟ್ಟಸ್ವಾಮಿ ಪುಟ್ಟಬಸಮ್ಮನ ಎಲೆಬುಟ್ಟಿಯ ಮುಂದೆ ಕೂತ. ಅವಳ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಎಡಗೈಯಲ್ಲಿ ಎಲೆ ಎಣಿಸುತ್ತಿದ್ದಳು.

"ಅವ್ವ, ನಿನ್ ಕೈ ಮುರಿದಿದ್ದು ನನ್ನಿಂದ. ಕರಿಯಪ್ಪ ಕುಡ್ದಿರ್ಲಿಲ್ಲ. ಸವೆದಿದ್ ಬುಷ್ಷ ಆಕಿ ಒಸದು ಅಂದೆ. ಟೈರು ಒಳಗಡೆ ತಿಂದೋಗಿದ್ದ ನೋಡಿನೂ ಸುಳ್ಳೇಳ್ದೆ." ಬಸ್ಸಿಗೆ ಕಾಯುತ್ತಾ ಕಟ್ಟೆಯ ಮೇಲಿದ್ದವರೆಲ್ಲ ತಿರುಗಿದರು. ಅವನ ದನಿ ಸಣ್ಣದಾಗಿತ್ತು. ಹಿಂದಿದ್ದವರು ಏನಂತೆ ಎಂದು ಕೇಳಿದ್ದರಿಂದ ಎದ್ದು ನಿಂತು ಮತ್ತೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಗಿತ್ತು.

ಪುಟ್ಟಬಸಮ್ಮ ಎಣಿಸುತ್ತಿದ್ದ ಎಲೆಯನ್ನು ಬುಟ್ಟಿಗೆ ಹಾಕಿದಳು. "ಆ ಡ್ರೈವರ್ ಮಗೀಗೆ ನಾನು ಶಾಪ ಆಕ್ಬುಟ್ಟಿವ್ನಲ್ಲಪ್ಪಾ" ಎಂದು ಕಣ್ಣೀರು ಹಾಕಿದಳು. ಬೆಟ್ಟಸ್ವಾಮಿಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಗುರುಮಲ್ಲಪ್ಪನವರು ಸಿಟ್ಟಾದರು, ತಿಂಗಳುಗಟ್ಟಲೆ ಅವನ ಮುಖ ನೋಡಲಿಲ್ಲ. ಆದರೂ ಊರಿನ ಬಾಯಿಗೆ ಅಂಜಿ ಕರಿಯಪ್ಪನನ್ನು ವಾಪಸು ಕರೆಸಿಕೊಂಡರು. ಬೇರೆ ಮೇಸ್ತ್ರಿ ಸಿಕ್ಕದೆ ಬಸ್ಸೂ ಕುಲುಮೆಗೇ ಬಂತು. ಕರಿಯಪ್ಪ ಈಗ ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಮುಗಿದ ಮೇಲೆ ಗಾಲಿಯನ್ನು ತಾನೇ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ, ಮಾತಿಲ್ಲದೆ ಹತ್ತಿ ಹೋಗುತ್ತಿದ್ದ. ಬೆಟ್ಟಸ್ವಾಮಿ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದ. ಅವರಿಬ್ಬರ ನಡುವೆ ಮೊದಲಿನ ಸಲಿಗೆ ಮತ್ತೆ ಬರಲೇ ಇಲ್ಲ.