ಅವರ ಖಾತೆಯಲ್ಲಿದ್ದ ನನ್ನ ಅಪ್ಪ

ಕಲಬುರಗಿಯ ಕೋರ್ಟಿನಿಂದ ಸೇಡಂಗೆ ವಾಪಸು ಬರುತ್ತಿದ್ದೆ. ವಾಡಿಯಲ್ಲಿ ರೈಲು ಬದಲಿಸಿ ಕಿಟಕಿಯ ಪಕ್ಕ ಕುಳಿತು, ತಲುಪುವ ಹೊತ್ತನ್ನು ಅವ್ವನಿಗೆ ಹೇಳುತ್ತಿದ್ದಾಗ ಗಾಡಿ ನಿಧಾನಕ್ಕೆ ಹೊರಟಿತು. ಹೊರಗಿನಿಂದ ಒಂದು ಕೈ ಬಂತು. ಕಿವಿಯ ಹತ್ತಿರವಿದ್ದ ಫೋನು ಹೋಯಿತು. ಮುಂದಿನ ನಿಲ್ದಾಣ ಚಿತ್ತಾಪುರದಲ್ಲಿ ಇಳಿದು, ಮರಳಿ ವಾಡಿಗೆ ಬಂದು ರೈಲ್ವೆ ಪೊಲೀಸರಿಗೆ ದೂರು ಬರೆದುಕೊಟ್ಟೆ. ದೂರಿನ ಪ್ರತಿಯೊಂದಿಗೆ ಫೋನನ್ನು ಬ್ಲಾಕ್ ಮಾಡಿಸಬಹುದು, ಸಿಗುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ ಎಂದರು.

ಫೋನಿಗಾಗಿ ನಾನು ಅಳಲಿಲ್ಲ. ಅದರಲ್ಲಿ ಅಪ್ಪ ಇದ್ದ. ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದ ಅಪ್ಪ, ಕೊನೆಯ ವರ್ಷ ಹಾಸಿಗೆ ಹಿಡಿದ ಮೇಲೆ ನಾನು ಎಷ್ಟು ತೆಗೆದರೂ ಸುಮ್ಮನಿದ್ದ. ಅವ್ವ ದಿನಾ ಒಮ್ಮೆ ಆ ಫೋಟೋಗಳನ್ನು ತೋರಿಸು ಎನ್ನುತ್ತಿದ್ದಳು.

ಸೇಡಂನಲ್ಲಿ ಹೊಸ ಫೋನು ಕೊಂಡು, ಆಧಾರ್ ತೋರಿಸಿ ಅದೇ ನಂಬರಿನ ಹೊಸ ಸಿಮ್ ಪಡೆದೆ. ಕರೆ ಅಂದೇ ಶುರುವಾಯಿತು, ಮೆಸೇಜು ಬರಲು ಮರುದಿನದವರೆಗೆ ಕಾಯಬೇಕಾಯಿತು. ಆಮೇಲೆ ಓಟಿಪಿ ಬಂತು, ಸರ್ಕಾರದ ಡಿಜಿಟಲ್ ಲಾಕರಿನಿಂದ ಆಧಾರ್, ಲೈಸೆನ್ಸು ಇಳಿದವು. ವಾಟ್ಸಪ್ ತೆರೆದುಕೊಂಡಿತು. ಗುಂಪುಗಳೇನೋ ಬಂದವು, ಆದರೆ ಹೆಸರುಗಳಿಲ್ಲದೆ ಬರೀ ನಂಬರುಗಳು. ನನ್ನ ಅತ್ತಿಗೆ ಯಾರು, ಕುರಕುಂಟಾದ ಮಾವ ಯಾರು, ಗೊತ್ತಾಗಲಿಲ್ಲ.

ಮೊಬೈಲ್ ಅಂಗಡಿಯವರು ಕೇಳಿದರು: "ಹಳೀ ಫೋನಿನ ಮೇಲ್ ಐಡಿ ಯಾವುದ್ರಿ? ನಂಬರು, ಫೋಟೋ ಎಲ್ಲಾ ಅದರಾಗೇ ಇರ್ತಾವ."

ಐಡಿ ಹೇಳಿದೆ. ಮದುವೆಯಾದ ಹೊಸದರಲ್ಲಿ ಗಂಡನೇ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಅವರಿಗೇ ಗೊತ್ತು, ಅದಕ್ಕೆ ಜೋಡಿಸಿದ ನಂಬರೂ ಅವರದೇ.

"ಹಂಗಾದ್ರ ಅವರು ಹೂಂ ಅನ್ನಬೇಕ್ರಿ. ಬ್ಯಾರೆ ದಾರಿ ನನಗ ಕಾಣವಲ್ದು."

ಈಗ ಬೇರೆಯಾಗಿ ಶಹಾಬಾದಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ. "ಹಂಗೆಲ್ಲಾ ಫೋನ್ ಮ್ಯಾಲ ಆಗಂಗಿಲ್ಲ. ಮನಿಗಿ ಬಾ," ಎಂದರು.

ಹೋದೆ. ಅತ್ತೆ ಬಾಗಿಲು ತೆರೆದು ಒಳಗೆ ಹೋದರು, ನೀರು ಕೂಡ ಕೇಳಲಿಲ್ಲ. ಗಂಡ ನನ್ನ ಹೊಸ ಫೋನು ಇಸಕೊಂಡು, ಬೆನ್ನು ತಿರುಗಿಸಿ ಪಾಸ್‌ವರ್ಡ್ ಹೊಡೆದರು. ಅವರ ಫೋನಿನಲ್ಲಿ, ಇದು ನೀವೇನಾ ಎಂಬ ಪ್ರಶ್ನೆ ಬಂತು. ಹೌದು ಒತ್ತಿದರು. ನನ್ನ ಕೈಗೆ ಕೊಟ್ಟರು.

ಹೆಸರುಗಳು ಒಂದೊಂದಾಗಿ ಬಂದವು. ಅತ್ತಿಗೆ ಬಂದಳು, ಮಾವ ಬಂದರು. ಫೋಟೋಗಳನ್ನು ತೆರೆದೆ. ಅಂಗಳದ ಹೊರಸಿನ ಮೇಲೆ ಅಪ್ಪ. ರೊಟ್ಟಿ ಮುರಿಯುತ್ತಿರುವ ಅಪ್ಪ.

"ಭಾಳ ಉಪಕಾರಾತ್ರಿ," ಎಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು.

"ನಿಮ್ಮಪ್ಪನ ಫೋಟೋ ಭಾಳ ಅದಾವಲ್ಲ," ಎಂದರು ತಮ್ಮ ಫೋನು ನೋಡುತ್ತ. "ನನ್ನ ಮ್ಯಾಲ ಕೇಸ್ ಹಾಕ್ಸಿದ ಮನಷಾ. ನನ್ನ ಖಾತೆದಾಗ ಅಂವಗ ಏನ್ ಕೆಲಸ?"

ಹೊರಸಿನ ಮೇಲಿನ ಅಪ್ಪ ನನ್ನ ಪರದೆಯಿಂದ ಹೋದ. ಮೊದಲು ತಿಳಿಯಲಿಲ್ಲ. ರೊಟ್ಟಿಯ ಫೋಟೋ ಹೋದಾಗ ತಿಳಿಯಿತು.

"ಬ್ಯಾಡ್ರಿ. ನನ್ನ ಫೋನಿಗಿ ಇಳಿಸ್ಕೊಂಡ ಮ್ಯಾಲ ಅಳಿಸ್ರಿ."

"ಇಳಿಸ್ಕೋ ಮತ್ತ. ಯಾರು ಹಿಡದಾರ?"

ನಾನು ಇಳಿಸಲು ಒತ್ತಿದೆ. ಗುಂಡಗಿನ ಗೆರೆ ತಿರುಗುತ್ತಲೇ ಇತ್ತು. ನೆಟ್‌ವರ್ಕ್ ಸರಿಯಾಗಿ ಸಿಗದ ಮನೆ ಅದು, ಅವರಿಗೆ ವೈಫೈ ಇತ್ತು. ಅವರು ಅವಸರ ಮಾಡಲಿಲ್ಲ. ಪ್ರತಿಯೊಂದನ್ನೂ ನನ್ನ ಕಡೆ ತಿರುಗಿಸಿ ತೋರಿಸಿ, ಆಮೇಲೆ ಅಳಿಸಿದರು. ಅಳಿಸಿದ್ದು ಕೆಲವು ದಿನ ಕಸದ ಬುಟ್ಟಿಯಲ್ಲಿ ಉಳಿಯುತ್ತದೆಂದು ಅವರಿಗೆ ಗೊತ್ತಿತ್ತು, ಅದನ್ನೂ ಖಾಲಿ ಮಾಡಿದರು. ಕೊನೆಗೆ ಅಲ್ಲಿಂದಲೇ ನನ್ನ ಫೋನನ್ನು ಖಾತೆಯಿಂದ ಹೊರಗೆ ಹಾಕಿದರು, ಬಂದಿದ್ದ ಹೆಸರುಗಳೂ ಹೋದವು.

"ಈಗ ಹೋಗು," ಎಂದರು. "ನನ್ನ ಐಡಿ ಬಳಸಬ್ಯಾಡ ಇನ್ಮ್ಯಾಲ."

ಎದ್ದು ನಿಂತಾಗ ಒಳಗಿನಿಂದ ಅತ್ತೆಯ ದನಿ ಬಂತು: "ಹೋದಳೇನೋ?"

ಮರುದಿನ ಅಂಗಡಿಯವರು ನನ್ನದೇ ನಂಬರಿಗೆ ಹೊಸ ಖಾತೆ ಮಾಡಿಕೊಟ್ಟು, ಪಾಸ್‌ವರ್ಡ್ ನನ್ನಿಂದಲೇ ಹೊಡೆಸಿದರು. ಗುಂಪಿನಲ್ಲಿದ್ದ ಬರೀ ನಂಬರುಗಳಿಗೆಲ್ಲ, ನಾನು ಇಂಥವರ ಮಗಳು, ಅಪ್ಪನ ಫೋಟೋ ಇದ್ದರೆ ಕಳಿಸಿ ಎಂದು ಬರೆದೆ. ಯಾರು ಎಂದು ಕೆಲವರು ಕೇಳಿದರು. ಹೆಚ್ಚಿನವರು ನೋಡಿ ಬಿಟ್ಟರು. ಚಿಂಚೋಳಿಯ ಸೋದರತ್ತೆಯಿಂದ ಮಾತ್ರ ಒಂದು ಬಂತು. ಯಾರದೋ ನಿಶ್ಚಿತಾರ್ಥದ ಊಟದ ಪಂಕ್ತಿ. ಕೊನೆಯಲ್ಲಿ ತಲೆ ಬಗ್ಗಿಸಿ ಕುಳಿತವನು ಅಪ್ಪ. ದೊಡ್ಡದು ಮಾಡಿದರೆ ಮುಖ ಚೌಕಚೌಕವಾಗಿ ಒಡೆಯುತ್ತಿತ್ತು.

"ಫೋಟೋ ಬಂದಾವೇನವ್ವಾ?" ಎಂದು ಅವ್ವ ಕೇಳಿದಳು. ಅವಳ ಕಣ್ಣಿಗೆ ಪೊರೆ ಬಂದಿದೆ.

"ಒಂದು ಬಂದದ ಬೇ."

ಫೋನನ್ನು ಕಣ್ಣಿನ ತೀರ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಪಂಕ್ತಿಯ ನಡುವೆ ನಗುತ್ತ ಕುಳಿತಿದ್ದ ಯಾರೋ ಗೊತ್ತಿಲ್ಲದವನ ಮೇಲೆ ಬೆರಳಿಟ್ಟು, "ಇಂವ ಅಲ್ಲೇನು? ನೋಡು, ಹೆಂಗ್ ನಗಲಿಕತ್ತಾನ," ಎಂದಳು.

ಹೌದು ಎಂದೆ.