ಫೇರ್ ಕಾಪಿ ಆಗದ ಲಾಗ್‌ಬುಕ್

ಇಂಟರ್ನ್‌ಗಳ ಲಾಗ್‌ಬುಕ್ ಎಂದರೆ ನನಗೆ ಮೈಯೆಲ್ಲ ಉರಿ. ಪುಣೆಯ ಮಗರಪಟ್ಟಾದ ಹಿಂದಿನ ಓಣಿಯಲ್ಲಿರುವ ನಮ್ಮ ಆಹಾರ ಪರೀಕ್ಷಾ ಲ್ಯಾಬಿಗೆ ಪ್ರತಿ ವರ್ಷ ಕಾಲೇಜು ಹುಡುಗರು ಬರುತ್ತಾರೆ. ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಅದರಿಂದ ಕಲಿತದ್ದು, ಇಷ್ಟನ್ನು ದಿನಾಲೂ ಬರೆದು ಗೈಡ್ ಆದ ನನ್ನ ಸಹಿ ಪಡೆಯಬೇಕು. ಅದನ್ನು ನೋಡಿಯೇ ವಿಶ್ವವಿದ್ಯಾಲಯ ಅಂಕ ಕೊಡುತ್ತದೆ. ಆದರೆ ಹೆಚ್ಚಿನವರು ಕೊನೆಯ ವಾರ ಒಂದೇ ಪೆನ್ನಿನಲ್ಲಿ ಇಡೀ ಪುಸ್ತಕ ಗೀಚಿ, ‘ಪರೀಕ್ಷೆ ನೋಡಿದೆ, ಬಹಳ ಕಲಿತೆ’ ಎಂದು ತಂದು ಮುಂದೆ ಹಿಡಿಯುತ್ತಾರೆ. ಏನು ಕಲಿತೆಯಪ್ಪಾ ಎಂದು ಕೇಳಿದರೆ ಛಾವಣಿ ನೋಡುತ್ತಾರೆ.

ಹೋದ ವರ್ಷ ಬಂದ ಹುಡುಗಿಯೂ ಹಾಗೇ ಇರಬಹುದು ಎಂದುಕೊಂಡಿದ್ದೆ. ಮನೆಮಾತು ನಮ್ಮ ಬಾಗಲಕೋಟೆ ಕಡೆಯ ಕನ್ನಡ, ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಮೊದಲ ದಿನವೇ ಸಂಜೆ ಪುಸ್ತಕ ತಂದಿಟ್ಟಳು. ಗಿರಾಕಿಯ ಹೆಸರು, ನಿಜವಾದ ಅಂಕಿಸಂಖ್ಯೆ ಲ್ಯಾಬಿನಿಂದ ಹೊರಗೆ ಹೋಗಬಾರದು ಎಂದು ನಾನು ಹೇಳುವ ಮೊದಲೇ ಅವುಗಳನ್ನು ಬಿಟ್ಟು ಬರೆದಿದ್ದಳು. ಭಲೇ ಎಂದೆ, ಮನಸ್ಸಿನಲ್ಲೇ.

ಒಂದು ದಿನ ಭೋರ್ ಊರಿನ ಕಡೆಯಿಂದ ಬಂದ ಹಾಲನ್ನು ಹಾಕಿದ ಪ್ಲೇಟುಗಳಲ್ಲಿ ಬೆಳೆದ ಬ್ಯಾಕ್ಟೀರಿಯಾ ಕಾಲೊನಿಗಳನ್ನು ಎಣಿಸಿ, ‘ಫಲಿತಾಂಶ ಮಿತಿಯೊಳಗಿದೆ’ ಎಂದು ಬರೆದಳು. ಆಮೇಲೆ ಇನ್ಕ್ಯುಬೇಟರಿನ ಕೆಳಗಿನ ಹಲಗೆಯಲ್ಲಿ ಉಳಿದಿದ್ದ ಕಂಟ್ರೋಲ್ ಪ್ಲೇಟ್ ಕಣ್ಣಿಗೆ ಬಿತ್ತು. ಅದರಲ್ಲಿ ಹಾಲನ್ನೇ ಹಾಕಿರುವುದಿಲ್ಲ, ಏನೂ ಬೆಳೆಯಬಾರದು. ಬೆಳೆದಿತ್ತು. ಎಂದರೆ ಬ್ಯಾಕ್ಟೀರಿಯಾ ಬೆಳೆಸಲು ಪ್ಲೇಟಿಗೆ ಸುರಿಯುವ ಮೀಡಿಯಾವೇ ಕೆಟ್ಟಿರಬೇಕು, ಅವತ್ತಿನ ಎಣಿಕೆಯನ್ನು ನಂಬುವಂತಿಲ್ಲ. ಹುಡುಗಿ ವೈಟ್ನರ್ ಹುಡುಕಲಿಲ್ಲ. ಬರೆದದ್ದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ, ಕಾರಣ ಬರೆದು ನನ್ನ ಮುಂದಿಟ್ಟಳು. ಮೀಡಿಯಾ ತಯಾರಿಸುವಾಗ, ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಲ್ಲಿ ಫ್ಲಾಸ್ಕುಗಳನ್ನು ಒತ್ತಿ ತುಂಬಿದ್ದೆವಲ್ಲ, ನಡುವೆ ಹಬೆ ಆಡಿರಲಿಕ್ಕಿಲ್ಲ ಎಂಬ ಅನುಮಾನವನ್ನೂ ಮಾರನೆಯ ದಿನ ಬರೆದಳು. ಜಾಗ ಬಿಟ್ಟು ಇಟ್ಟು ಮತ್ತೆ ಮಾಡಿದೆವು. ಈ ಸಲ ಕಂಟ್ರೋಲ್ ಸ್ವಚ್ಛವಾಗಿತ್ತು.

ಅಷ್ಟರಲ್ಲಿ ಅವಳ ಕಾಲೇಜಿನ ಮೇಷ್ಟ್ರು ತಪಾಸಣೆಗೆ ಬಂದರು. ಪುಸ್ತಕ ತಿರುವಿ ತಲೆ ಚಚ್ಚಿಕೊಂಡರು. ಹಿಂದೊಮ್ಮೆ ಇಂಥದ್ದೇ ಗೀಟು ಹೊಡೆದ ಪುಸ್ತಕ ಕಂಡು ಹೊರಗಿನ ಪರೀಕ್ಷಕರು ಒಬ್ಬ ವಿದ್ಯಾರ್ಥಿಯನ್ನು ನಾಪಾಸು ಮಾಡಿದ್ದರಂತೆ. ಹೊಸ ಪುಸ್ತಕದಲ್ಲಿ ಫೇರ್ ಕಾಪಿ ಮಾಡು, ಆ ತಪ್ಪಿನ ದಿನ ಬಿಡು, ನಿನ್ನ ಗೈಡ್ ಮೇಡಂ ಹಿಂದಿನ ತಾರೀಖುಗಳಿಗೆ ಸಹಿ ಹಾಕಿಕೊಡುತ್ತಾರೆ ಎಂದು ಮರಾಠಿಯಲ್ಲಿ ಅಪ್ಪಣೆ ಕೊಟ್ಟು ಹೋದರು. ಕೆಟ್ಟ ಮನುಷ್ಯನಲ್ಲ, ಹುಡುಗಿಯ ವರ್ಷ ಹಾಳಾದೀತೆಂಬ ಕಳವಳ ಅವರದು.

ನನಗೆ ಸಿಟ್ಟು ನೆತ್ತಿಗೇರಿತು. ಹಳೇ ತಾರೀಖಿಗೆ ಸಹಿಯೇ? ಆದರೆ ಹಾಕದಿದ್ದರೆ ಮುಳುಗುವವಳು ಇವಳು.

“ಏನ್ ಮಾಡ್ತೀಯವಾ?” ಎಂದೆ.

“ಸೋಮವಾರ ಹೇಳ್ತೀನ್ರಿ ಮೇಡಂ.”

ಸೋಮವಾರ ಅದೇ ಹಳೆಯ ಪುಸ್ತಕ ತಂದಳು. ಪ್ರತಿ ವಾರದ ಕೊನೆಗೆ ಒಂದು ಹಾಳೆ ಅಂಟಿಸಿದ್ದಳು: ಆ ವಾರದ ಒಟ್ಟು ಗಂಟೆ, ಮಾಡಿದ ಪರೀಕ್ಷೆಗಳು, ಕೋರ್ಸಿನ ಯಾವ ಗುರಿ ಯಾವ ದಿನದ ಕೆಲಸದಲ್ಲಿ ಈಡೇರಿತು ಎಂಬ ಪಟ್ಟಿ. ಹಾಳೆಯ ಮೇಲೆ ಅವತ್ತಿನದೇ ತಾರೀಖು. ವಿಶ್ವವಿದ್ಯಾಲಯ ಕೇಳುವುದೆಲ್ಲ ಇತ್ತು, ಹಿಂದಿನ ಒಂದು ಅಕ್ಷರವೂ ಕದಲಿರಲಿಲ್ಲ. ನಾನು ಅವತ್ತಿನ ತಾರೀಖಿಗೇ ಖುಷಿಯಿಂದ ಸಹಿ ಹಾಕಿದೆ.

ವೈವಾಕ್ಕೆ ನನ್ನನ್ನೂ ಕರೆದಿದ್ದರು. ಪರೀಕ್ಷಕರು ಗೆರೆ ಹೊಡೆದ ಪುಟಕ್ಕೇ ಹೋಗಿ ನಿಂತರು. ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. ಹುಡುಗಿ ಕಂಟ್ರೋಲ್ ಪ್ಲೇಟ್‌ನಿಂದ ಆಟೋಕ್ಲೇವಿನವರೆಗೆ ತಡೆಯದೆ ಹೇಳಿದಳು. ಬೇರೆ ಪುಟಗಳ ಮೇಲೆ ಪ್ರಶ್ನೆಯೇ ಬರಲಿಲ್ಲ. ಪರೀಕ್ಷಕರು ನಕ್ಕು, ಪಾಸು ಎಂದು ಅಲ್ಲೇ ಹೇಳಿಬಿಟ್ಟರು.

ಎಂಥ ಗಟ್ಟಿ ಜೀವ ಎಂದುಕೊಂಡು ಹೊರಗೆ ಬಂದರೆ, ಗಟ್ಟಿ ಜೀವ ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅಳುತ್ತಿತ್ತು.

“ಭಾಳ ಅಂಜಿದ್ದೆರಿ ಮೇಡಂ. ನಾಪಾಸ್ ಆದ್ರ ಮನ್ಯಾಗ ಏನ್ ಹೇಳ್ಲಿ ಅಂತ.”

“ಅಷ್ಟ್ ಅಂಜಿಕಿ ಇದ್ರ ಫೇರ್ ಕಾಪಿ ಮಾಡಿ ತರಬೇಕಿತ್ತಲ್ಲವಾ!”

“ಬರಿಯಾಕ ಕುಂತಿದ್ದೆರಿ. ಆ ದಿನಕ್ಕ ಬಂದೆ. ತಪ್ಪು ತಗದ ಮ್ಯಾಲ, ಕಲಿತದ್ದು ಅನ್ನೋ ಜಾಗಾದಾಗ ಬರಿಯಾಕ ಏನೂ ಉಳೀಲಿಲ್ರಿ.”