ಸ್ಥಾನ ಬದಲಾಯಿಸಿದ ಎರಡು ಕಾರ್ಡುಗಳ ಕುರಿತು

ಓದುಗರ ಅವಗಾಹನೆಗೆ ಮೊದಲೇ ತರಬಯಸುವುದೇನೆಂದರೆ, ನಾನು ಈ ಹಿಂದೆ ಏನನ್ನೂ ಬರೆದವಳಲ್ಲ. ಕಲಬುರಗಿಯ ಕಚೇರಿಯೊಂದರ ರವಾನೆ ವಿಭಾಗದಲ್ಲಿ ಪತ್ರಗಳಿಗೆ ಸಂಖ್ಯೆ ಹಾಕುವುದು ನನ್ನ ಕೆಲಸ. ನನಗೆ ಬರುವ ಭಾಷೆಯೂ ಆ ಪತ್ರಗಳದ್ದೇ. ರಜಾ ದಿನಗಳಲ್ಲಿ ಪರಿಚಿತರಿಗೆ ಟ್ಯಾರೋ ಕಾರ್ಡು, ಅಂದರೆ ಚಿತ್ರದ ಎಲೆಗಳನ್ನು ಹಾಸಿ ಭವಿಷ್ಯ ಹೇಳುವ ಕಾರ್ಡು, ಓದುತ್ತಿದ್ದೆ. ಈಗ ಓದುವುದಿಲ್ಲ. ಅದಕ್ಕೆ ಕಾರಣವನ್ನು ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತೇನೆ.

ನನ್ನ ಪಕ್ಕದ ಮೇಜಿನ ಹುಡುಗಿಗೆ ಕಮಲಾಪುರದ ಹುಡುಗನೊಂದಿಗೆ ಮದುವೆ ನಿಶ್ಚಯವಾಗಿತ್ತು. ಮದುವೆಯಾದ ಮೇಲೆ ಇಬ್ಬರೂ ಕಲಬುರಗಿಯಲ್ಲಿ ಮನೆ ಮಾಡಬೇಕು, ತಾನು ನೌಕರಿಯಲ್ಲಿ ಮುಂದುವರಿಯಬೇಕು ಎಂಬುದು ಆಕೆಯ ಕೋರಿಕೆ. ನೌಕರಿ ಬಿಟ್ಟು ಕಮಲಾಪುರದ ಮನೆಯಲ್ಲೇ ಇರಬೇಕೆಂಬುದು ಹುಡುಗನ ತಾಯಿಯ ಅಭಿಪ್ರಾಯ. ಕೊನೆಗೆ, ನಾನು ಕಾರ್ಡು ಓದುವುದನ್ನು ಹುಡುಗಿಯಿಂದ ಕೇಳಿದ್ದ ಆ ತಾಯಿಯೇ, ಕಾರ್ಡಿನಲ್ಲಿ ಬಂದಂತೆ ನಡೆಯೋಣ ಎಂದು ಹೇಳಿ ಕಳುಹಿಸಿದರು. ಸದರಿ ಕಾರಣದಿಂದ ಒಂದು ಭಾನುವಾರ ನಾನು ಮತ್ತು ಆ ಹುಡುಗಿ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು.

ಚಹಾ ತಂದವನು ಹುಡುಗ. ತಟ್ಟೆಗೆ ಕೆಂಪು ಬಾಳೆಹಣ್ಣು ಸುಲಿದು ಇಟ್ಟವನೂ ಅವನೇ. ಒಳಗೆ ಮಲಗಿದ್ದ ಅಜ್ಜಿಗೆ ಗಂಜಿ ಕುಡಿಸಿ, ಆಕೆಯ ಬಾಯಿ ಒರೆಸಿ ಬಂದು ನಮ್ಮೆದುರು ಕುಳಿತ. ಇದನ್ನು ನಾನು ಗಮನಿಸಿದ್ದೆ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ನಾನು ಹಾಕಿದ್ದು ಐದು ಕಾರ್ಡುಗಳ ಹಾಸು. ಎಡಕ್ಕೆ ಹುಡುಗ, ಬಲಕ್ಕೆ ಹುಡುಗಿ, ನಡುವೆ ಅವರನ್ನು ಕೂಡಿಸುವುದು, ಕೆಳಗೆ ಅಡ್ಡಿ, ಮೇಲೆ ಅವರು ಕಟ್ಟುವ ಮನೆ. ನಡುವೆ ಎರಡು ಬಟ್ಟಲುಗಳು ಬಂದವು. ಅದು ಸಮಸಮನಾದ ಒಪ್ಪಿಗೆ. ಮೇಲೆ ಹೂಮಾಲೆ ಕಟ್ಟಿದ ನಾಲ್ಕು ಕೋಲುಗಳು. ಅದು ನೆಲೆಯಾದ ಸಂಸಾರ. ಕೆಳಗೆ ಕತ್ತಿಗಳನ್ನು ಕದ್ದು ತುದಿಗಾಲಲ್ಲಿ ಹೋಗುವವನು ಬಿದ್ದ. ಅದು ಕಣ್ಣು ತಪ್ಪಿಸಿ ಮಾಡುವ ಮೋಸ. ಹುಡುಗಿಯ ಸ್ಥಾನದಲ್ಲಿ ಚಕ್ರವರ್ತಿ: ಕಲ್ಲಿನ ಸಿಂಹಾಸನ, ನಿಲುವಂಗಿಯೊಳಗೆ ಕವಚ. ಹುಡುಗನ ಸ್ಥಾನದಲ್ಲಿ ಸಾಮ್ರಾಜ್ಞಿ: ಮೆತ್ತನೆಯ ದಿಂಬು, ಕಾಲ ಬಳಿ ಮಾಗಿದ ಗೋಧಿ ತೆನೆ. ಎರಡೂ ತಲೆಕೆಳಗಾಗದೆ ನೆಟ್ಟಗೆ ಬಿದ್ದಿದ್ದವು, ಅಂದರೆ ಅರ್ಥವನ್ನು ಇದ್ದ ಹಾಗೆಯೇ ಹಿಡಿಯಬೇಕು.

ಮೂರನೆಯ ಸಂಖ್ಯೆಯ ಸಾಮ್ರಾಜ್ಞಿಯೂ ನಾಲ್ಕನೆಯ ಸಂಖ್ಯೆಯ ಚಕ್ರವರ್ತಿಯೂ ಒಂದೇ ಹಾಸಿನಲ್ಲಿ ಬಂದರೆ ಗಟ್ಟಿಯಾದ ದಾಂಪತ್ಯವೆಂದೇ ಓದಬೇಕು. ಒಬ್ಬರು ಉಣಿಸಿ ಬೆಳೆಸುತ್ತಾರೆ, ಒಬ್ಬರು ಕಟ್ಟು ಹಾಕಿ ಕಾಯುತ್ತಾರೆ. ಆದರೆ ಅವು ಹೆಣ್ಣು ಗಂಡುಗಳಲ್ಲ, ಗುಣಗಳು. ಯಾರ ಸ್ಥಾನದಲ್ಲಿ ಬಿದ್ದರೆ ಆ ಗುಣ ಅವರದು. ಅಂದರೆ ಮನೆಯನ್ನು ಪೋಷಿಸುವವನು ಈ ಹುಡುಗ, ನೌಕರಿ ಹಿಡಿದು ನಿರ್ಧಾರ ಮಾಡುವವಳು ಈ ಹುಡುಗಿ. ಇಷ್ಟು ಸ್ಪಷ್ಟವಾದ ಹಾಸು ನನಗೆ ಅದಕ್ಕೂ ಮೊದಲು ಬಿದ್ದಿರಲಿಲ್ಲ.

ತಾಯಿ ಬಗ್ಗಿ ನೋಡಿದರು. "ಏನ್ರಿ ಮೇಡಂ, ನನ್ನ ಮಗಗ ಸೀರಿ ಉಡಿಸೀರಿ? ಮೀಸಿ ಇದ್ದಾಂವ ಆ ಕಡಿ ಯಾಕ ಕುಂತಾನ?"

ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ನೆರೆಯ ಹೆಂಗಸರು ನಕ್ಕರು. ನನ್ನ ಕಿವಿ ಬಿಸಿಯಾಯಿತು. "ಅದಲು ಬದಲಾಗ್ಯಾವ್ರಿ, ಹಾಕೂವಾಗ ನನ್ನ ಕೈ ತಪ್ಪೇದ" ಎಂದು ಹೇಳಿ, ಬಾಳೆಹಣ್ಣಿನ ಅಂಟು ಹತ್ತಿದ್ದ ಇದೇ ಬೆರಳುಗಳಿಂದ ಎರಡೂ ಕಾರ್ಡುಗಳ ಜಾಗ ಬದಲಾಯಿಸಿದೆ. ಹುಡುಗ ನನ್ನ ಕೈಯನ್ನೇ ನೋಡುತ್ತಿದ್ದ.

"ಈಗ ಖರೇ ಆತು ನೋಡ್ರಿ" ಎಂದರು ತಾಯಿ. "ಗಂಡ ಗದ್ದಿಗಿ ಮ್ಯಾಲ, ಹೆಂಡ್ತಿ ತೆನಿ ನಡುವ. ಹಂಗಾರ ನೌಕರಿ ಯಾಕ ಬೇಕವ್ವ? ದೇವರೇ ಹೇಳ್ಯಾನ." ನಾನು ತಲೆಯಾಡಿಸಿದೆ. ಹೊರಡುವಾಗ ಅವರು ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟರು. ಅದನ್ನೂ ತೆಗೆದುಕೊಂಡೆ.

ಮರಳಿ ಬರುವಾಗ ಬಸ್ಸಿನಲ್ಲಿ ಹುಡುಗಿ ಕೇಳಿದಳು: "ಅಕ್ಕಾ, ನಿಮ್ಮ ಕೈ ಖರೇನ ತಪ್ಪಿತ್ತೇನ್ರಿ?"

ಇಲ್ಲವೆಂದು ಒಪ್ಪಿಕೊಂಡೆ. ಕಚೇರಿಯ ಪತ್ರದಲ್ಲಿ ತಪ್ಪಾದರೆ ತಿದ್ದೋಲೆ ಹೊರಡಿಸುತ್ತೇವೆ. ಮರುದಿನ ನಾನೂ ಹಾಗೆಯೇ, ಆಕೆಯ ಎದುರಿಗೇ ಹುಡುಗನಿಗೆ ಫೋನು ಮಾಡಿ ಸರಿಯಾದ ಅರ್ಥವನ್ನು ತಿಳಿಸಿದೆ.

"ನನಗ ನಿನ್ನೇನ ಗೊತ್ತಾಗಿತ್ರಿ ಮೇಡಂ" ಎಂದ ಅವನು. "ಅವ್ವ ಖುಷಿ ಆದಳಲ್ಲ, ಅಂತ ಸುಮ್ಮ ಕುಂತೆ."

ಹುಡುಗಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಕಾರ್ಡಿನ ಮಾತು ಅತ್ಲಾಗ ಇರ್ಲಿ. ನನ್ನ ನೌಕರಿ ಹೋಗಾಕತ್ತಿತ್ತು, ನೀವು ಸುಮ್ಮ ಕುಂತ್ರಿ. ಹಂತಾ ಮನ್ಯಾಗ ನಾ ಹ್ಯಾಂಗ ಇರಲ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನು ಇಟ್ಟಳು. ಆ ವಾರವೇ ಮದುವೆ ಮುರಿಯಿತು. ಆಕೆ ಈಗಲೂ ನನ್ನ ಪಕ್ಕದ ಮೇಜಿನಲ್ಲಿಯೇ ಕೆಲಸ ಮಾಡುತ್ತಿದ್ದಾಳೆ. ನನ್ನನ್ನು ಅಕ್ಕಾ ಎನ್ನುವುದನ್ನು ಬಿಟ್ಟು ಮೇಡಂ ಎನ್ನುತ್ತಾಳೆ.

ಆ ಬಾಳೆಹಣ್ಣುಗಳನ್ನು ತಿನ್ನಲಾಗಲಿಲ್ಲ. ಯಾರಿಗಾದರೂ ಕೊಡಲು ನಾಚಿಕೆಯಾಯಿತು. ಅಡುಗೆಮನೆಯ ಕಟ್ಟೆಯ ಮೇಲೆಯೇ ಕಪ್ಪಾಗಿ, ನೀರೊಡೆದು, ನುಸಿ ಮುತ್ತಿ ಕೊಳೆತವು. ಎತ್ತಿ ಎಸೆಯುವಾಗ ಬೆರಳಿಗೆ ಹತ್ತಿದ ಆ ಹುಳಿನಾತ ಎರಡು ಸಲ ಸಾಬೂನು ಹಚ್ಚಿದರೂ ಹೋಗಲಿಲ್ಲ. ಕಾರ್ಡಿನ ಕಟ್ಟು ಬಿಚ್ಚಿ ನೋಡಿದೆ. ಸಾಮ್ರಾಜ್ಞಿಯೂ ಚಕ್ರವರ್ತಿಯೂ ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು. ಬಿಡಿಸಿದಾಗ ನನ್ನ ಹೆಬ್ಬೆರಳಿನ ಗುರುತು ಎರಡರ ಮೇಲೂ ಕಂದಾಗಿ ಉಳಿದಿತ್ತು.